ಗಲ್ಫಿನಿಂದ ತಂದ ಮನೆ ಸಾಮಾನಿಗೆ ಕಸ್ಟಮ್ಸ್ ಡ್ಯೂಟಿ ನೋಟಿಸ್ ಬಂದರೆ ಉತ್ತರ ಬರೆಯುವುದು ಹೇಗೆ

ನನ್ನ ಅಕ್ಕನ ಗಂಡ ಸೌದಿಯ ದಮ್ಮಾಮಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವರು. 2024ರ ಜೂನ್ 12ಕ್ಕೆ ಫೈನಲ್ ಎಕ್ಸಿಟ್ ಹೊಡೆಸಿಕೊಂಡು ಊರಿಗೆ ಬಂದರು. ಮನೆ ಸಾಮಾನನ್ನು ಸಮುದ್ರದ ಕಾರ್ಗೋದಲ್ಲಿ ಹಾಕಿದ್ದರು. ಜುಲೈ 10ಕ್ಕೆ ಕಸ್ಟಮ್ಸ್‌ನಲ್ಲಿ ಬಿಡಿಸಿಕೊಂಡದ್ದೂ ಆಯ್ತು, ಟಿವಿಗೆ ಡ್ಯೂಟಿ ಕಟ್ಟಿದ್ದೂ ಆಯ್ತು. ಎಲ್ಲ ಮುಗಿಯಿತು ಅಂದುಕೊಂಡು ಒಂದು ವರ್ಷದ ಮೇಲಾಗಿತ್ತು. 2025ರ ಸೆಪ್ಟೆಂಬರಿನಲ್ಲಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಪತ್ರ ಬಂತು: 1,03,950 ರೂಪಾಯಿ ಡ್ಯೂಟಿ ಬಾಕಿ ಇದೆ, ಬಡ್ಡಿ ಬೇರೆ.

ಭಾವ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಅಷ್ಟು ಹಣ ಕೈಯಲ್ಲಿ ಇರಲಿಲ್ಲ ಅನ್ನುವುದು ಒಂದು. ತಾನೇನೋ ಕಳ್ಳತನ ಮಾಡಿದ ಹಾಗೆ ಆಯ್ತಲ್ಲ ಅನ್ನುವುದು ಅದಕ್ಕಿಂತ ದೊಡ್ಡದು. ಕೊನೆಗೆ ನಾವು ಕಟ್ಟಿದ್ದು ಸುಮಾರು ಹದಿಮೂರೂವರೆ ಸಾವಿರ. ಅದು ಹೇಗಾಯ್ತು, ನಾವು ಎಲ್ಲಿ ಎಡವಿದೆವು, ಉತ್ತರದಲ್ಲಿ ಏನು ಬರೆದೆವು, ಎಲ್ಲ ಬಿಡಿಸಿ ಹೇಳುತ್ತೇನೆ. ಇದೇ ಥರದ ಪತ್ರ ಕೈಯಲ್ಲಿ ಹಿಡಿದು ಕೂತವರಿಗೆ ಬೇಕಾದೀತು.

ಮೊದಲು ಪತ್ರ ಅಸಲಿಯಾ ನೋಡಿ

ಕಸ್ಟಮ್ಸ್ ಹೆಸರಲ್ಲಿ ಮೋಸ ಮಾಡುವವರು ಜಾಸ್ತಿ ಇದ್ದಾರೆ. ಅದಕ್ಕೇ ಇದು ಮೊದಲ ಹೆಜ್ಜೆ. ಅಸಲಿ ಪತ್ರದಲ್ಲಿ ಡಿಐಎನ್ ಅಂತ ಒಂದು ಉದ್ದ ನಂಬರ್ ಇರುತ್ತದೆ. 2019ರ ನವೆಂಬರಿನಿಂದ ಕಸ್ಟಮ್ಸ್ ಪತ್ರಗಳಿಗೆ ಇದು ಬೇಕೇ ಬೇಕು. cbic.gov.in ಗೆ ಹೋಗಿ DIN ಪರಿಶೀಲಿಸುವ ಜಾಗದಲ್ಲಿ ಆ ನಂಬರ್ ಹಾಕಿದರೆ ಪತ್ರ ಯಾವ ಕಚೇರಿಯಿಂದ ಹೊರಟಿದೆ ಅಂತ ಬರುತ್ತದೆ. ಫೋನಿನಲ್ಲಿ "ಇವತ್ತು ಸಂಜೆಯೊಳಗೆ ಯುಪಿಐ ಮಾಡಿ, ಇಲ್ಲದಿದ್ದರೆ ಅರೆಸ್ಟ್" ಅನ್ನುವವರು ಕಸ್ಟಮ್ಸ್‌ನವರಲ್ಲ. ಡ್ಯೂಟಿ ಹಣ ಸರ್ಕಾರದ ಖಾತೆಗೆ ಚಲನ್‌ನಲ್ಲೇ ಹೋಗುತ್ತದೆ, ಯಾರದೋ ಸ್ವಂತ ಖಾತೆಗೆ ಹೋಗುವುದಿಲ್ಲ.

ಪತ್ರ ಕೈಗೆ ಸಿಕ್ಕ ದಿನವನ್ನು ಕವರಿನ ಮೇಲೆ ಪೆನ್ನಿನಲ್ಲಿ ಬರೆದು ಕವರನ್ನೂ ಇಟ್ಟುಕೊಳ್ಳಿ. ಉತ್ತರ ಕೊಡುವ ದಿನಗಳ ಲೆಕ್ಕ ಪತ್ರ ಸಿಕ್ಕಲ್ಲಿಂದ ಶುರು.

ಇದು ಯಾವ ಪತ್ರ ಅಂತ ತಿಳಿದುಕೊಳ್ಳಿ

ನಮಗೆ ಬಂದದ್ದು ಇನ್ನೂ ಶೋಕಾಸ್ ನೋಟಿಸ್, ಅಂದರೆ ಹಣ ಯಾಕೆ ವಸೂಲು ಮಾಡಬಾರದು ಅಂತ ಕಾರಣ ಕೇಳುವ ನೋಟಿಸ್ ಆಗಿರಲಿಲ್ಲ. ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 28ರಲ್ಲಿ, ಮೋಸ ಅಥವಾ ಮುಚ್ಚಿಟ್ಟ ಆರೋಪ ಇಲ್ಲದಿದ್ದರೆ, ನೋಟಿಸ್ ಕೊಡುವ ಮೊದಲು ಕರೆದು ಮಾತಾಡಬೇಕು ಅಂತ ಇದೆ. ಆ ಕರೆಯೋಲೆ ಅದು. ಇಂಥ ಪತ್ರಕ್ಕೆ ಉತ್ತರ ಕೊಡಲು 15 ದಿನ ಇರುತ್ತದೆ.

ಈ ಹಂತಕ್ಕೆ ಬೆಲೆ ಇದೆ, ಸುಮ್ನೆ ಬಿಡಬೇಡಿ. ಯಾಕೆ ಅಂದರೆ ನೋಟಿಸ್ ಬರುವ ಮೊದಲೇ ನೀವಾಗಿ ಡ್ಯೂಟಿ ಮತ್ತು ಬಡ್ಡಿ ಕಟ್ಟಿ ತಿಳಿಸಿದರೆ, ಕಟ್ಟಿದ ಅಷ್ಟಕ್ಕೆ ನೋಟಿಸೂ ಇಲ್ಲ, ದಂಡವೂ ಇಲ್ಲ.

ಇನ್ನೊಂದು ನೋಡಬೇಕಾದದ್ದು ತಾರೀಖು. ಮೋಸದ ಆರೋಪ ಇಲ್ಲದ ಕೇಸಿನಲ್ಲಿ ಶೋಕಾಸ್ ನೋಟಿಸ್ ಎರಡು ವರ್ಷದೊಳಗೆ ಬರಬೇಕು. ಬೇಕಂತಲೇ ಸುಳ್ಳು ಹೇಳಿದ, ಮುಚ್ಚಿಟ್ಟ ಅನ್ನುವ ಆರೋಪ ಇದ್ದರೆ ಐದು ವರ್ಷ. ಎರಡು ವರ್ಷ ದಾಟಿ ಬಂದ ನೋಟಿಸಿನಲ್ಲಿ "ಮುಚ್ಚಿಟ್ಟಿದ್ದೀರಿ" ಅನ್ನುವ ಪದ ಇದ್ದರೆ, ಏನು ಮುಚ್ಚಿಟ್ಟೆವು ಅಂತ ಹೇಳಿದ್ದಾರಾ ನೋಡಿ. ಹೇಳಿಲ್ಲದಿದ್ದರೆ ನಿಮ್ಮ ಉತ್ತರದ ಮೊದಲ ಮಾತು ಅದೇ ಆಗಬೇಕು. ನಮ್ಮದು ಎರಡು ವರ್ಷದೊಳಗೇ ಇತ್ತು, ಹಾಗಾಗಿ ಆ ದಾರಿ ನಮಗೆ ಇರಲಿಲ್ಲ.

ಯಾವ ನಿಯಮದ ಮೇಲೆ ಕೇಳುತ್ತಿದ್ದಾರೆ

ಭಾವ ಬಂದಾಗ ಜಾರಿಯಲ್ಲಿದ್ದದ್ದು 2016ರ ಬ್ಯಾಗೇಜ್ ನಿಯಮ. 2026ರ ಫೆಬ್ರವರಿಯಲ್ಲಿ ಹೊಸ ನಿಯಮ ಬಂದಿದೆ, ಮಿತಿಗಳು ಬೇರೆ ಇವೆ. ಆದರೆ ಹಳೆಯ ಸಾಮಾನಿಗೆ ಹಳೆಯ ನಿಯಮವೇ ಲೆಕ್ಕ. ಏನೇನು ತಂದಿದ್ದೀರಿ ಅಂತ ಕಸ್ಟಮ್ಸ್‌ಗೆ ಬರೆದುಕೊಡುವ ಡಿಕ್ಲರೇಷನ್ ಅನ್ನು ನೀವು ಕೊಟ್ಟ ದಿನ ಯಾವ ನಿಯಮ ಇತ್ತೋ ಅದನ್ನೇ ಹಿಡಿಯಿರಿ.

2016ರ ನಿಯಮದಲ್ಲಿ ವಾಸ ಬದಲಿಸಿ ಊರಿಗೆ ಬರುವವರಿಗೆ ರಿಯಾಯಿತಿ ಇತ್ತು. ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್ ಅನ್ನುತ್ತಾರೆ, ಕಾರ್ಗೋದವರ ಬಾಯಲ್ಲಿ ಬರೀ ಟಿಆರ್. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗೆ ಇದ್ದವರು 5 ಲಕ್ಷ ರೂಪಾಯಿವರೆಗಿನ ಮನೆ ಸಾಮಾನನ್ನು ಡ್ಯೂಟಿ ಇಲ್ಲದೆ ತರಬಹುದಿತ್ತು. ಅದಕ್ಕೆ ಮೂರು ಷರತ್ತು. ಬಂದ ದಿನಕ್ಕೆ ಹಿಂದಿನ ಎರಡು ವರ್ಷ ಹೊರದೇಶದಲ್ಲೇ ವಾಸ ಇರಬೇಕು. ಆ ಎರಡು ವರ್ಷದಲ್ಲಿ ರಜೆಗೆ ಅಂತ ಊರಿಗೆ ಬಂದು ಹೋದ ದಿನ ಎಲ್ಲ ಸೇರಿ ಆರು ತಿಂಗಳು ದಾಟಬಾರದು. ಹಿಂದಿನ ಮೂರು ವರ್ಷದಲ್ಲಿ ಇದೇ ರಿಯಾಯಿತಿ ತಗೊಂಡಿರಬಾರದು.

ಕೆಲವು ಸಾಮಾನಿಗೆ ಈ ರಿಯಾಯಿತಿ ಇರಲೇ ಇಲ್ಲ. ಕಲರ್ ಟಿವಿ, ಡಿಶ್‌ವಾಷರ್, ಡೀಪ್ ಫ್ರೀಜರ್, 300 ಲೀಟರಿಗಿಂತ ದೊಡ್ಡ ಫ್ರಿಜ್ ಆ ಪಟ್ಟಿಯಲ್ಲಿದ್ದವು. ಇವಕ್ಕೆ 35 ಶೇಕಡಾ ಡ್ಯೂಟಿ, ಅದರ ಮೇಲೆ ಹತ್ತನೇ ಒಂದು ಭಾಗ ಸರ್ಚಾರ್ಜ್, ಒಟ್ಟು 38.5 ಶೇಕಡಾ ಇತ್ತು. ವಾಷಿಂಗ್ ಮಷಿನ್, ಗ್ಯಾಸ್ ರೇಂಜ್, 300 ಲೀಟರ್‌ವರೆಗಿನ ಫ್ರಿಜ್ ರಿಯಾಯಿತಿಯೊಳಗೆ ಬರುತ್ತಿದ್ದವು.

ಇಲ್ಲೊಂದು ತಪ್ಪು ಬಹಳ ಜನ ಮಾಡುತ್ತಾರೆ. ಗಲ್ಫಿನಿಂದ ಬರುವ ಭಾರತೀಯ ಪ್ರಯಾಣಿಕರಿಗೆ ಇದ್ದ 50,000 ರೂಪಾಯಿಯ ಸಾಮಾನ್ಯ ವಿನಾಯಿತಿಯನ್ನು ಕಾರ್ಗೋ ಸಾಮಾನಿಗೂ ಸೇರಿಸಿ ಲೆಕ್ಕ ಹಾಕುತ್ತಾರೆ. ಅದು ಜೊತೆಯಲ್ಲಿ ತಂದ ಲಗೇಜಿಗೆ ಮಾತ್ರ. ಉತ್ತರದಲ್ಲಿ ಅದನ್ನು ಕೇಳಿದರೆ ಉಳಿದ ಸರಿ ಮಾತಿಗೂ ಬೆಲೆ ಕಮ್ಮಿ ಆಗುತ್ತದೆ.

ಅವರ ಲೆಕ್ಕವನ್ನು ಬಿಡಿಸಿ ನೋಡಿ

ನಮ್ಮ ಸಾಮಾನಿನ ಮೌಲ್ಯ ಕಸ್ಟಮ್ಸ್ ಕಟ್ಟಿದ ಹಾಗೆ ಹೀಗಿತ್ತು. ಟಿವಿ 36,000. ಅದಕ್ಕೆ 13,860 ರೂಪಾಯಿ ಅಂದೇ ಕಟ್ಟಿದ್ದೆವು. ಫ್ರಿಜ್ 30,000. ವಾಷಿಂಗ್ ಮಷಿನ್, ರೇಂಜ್, ಮಂಚ, ಪಾತ್ರೆಪಗಡಿ, ಉಳಿದದ್ದೆಲ್ಲ ಸೇರಿ 2,40,000. ಈಗ ಕೇಳುತ್ತಿದ್ದ 1,03,950 ಎಲ್ಲಿಂದ ಬಂತು ಅಂದರೆ, ಫ್ರಿಜ್ ಮತ್ತು ಉಳಿದ ಸಾಮಾನು ಸೇರಿ 2,70,000, ಅದರ 38.5 ಶೇಕಡಾ.

ಪತ್ರದಲ್ಲಿ ಕಾರಣ ಒಂದೇ ಸಾಲು: ಹಿಂದಿನ ಎರಡು ವರ್ಷದಲ್ಲಿ ಪ್ರಯಾಣಿಕ ಭಾರತದಲ್ಲಿ 196 ದಿನ ಇದ್ದಾನೆ, ಆದ್ದರಿಂದ ರಿಯಾಯಿತಿ ಇಲ್ಲ.

ಆ ರಾತ್ರಿ ಊಟದ ಮೇಜಿನ ಮೇಲೆ ಭಾವನ ಎರಡು ಪಾಸ್‌ಪೋರ್ಟ್ ಹರಡಿಕೊಂಡು ಕೂತೆವು. ಹಳೆಯದರ ಮೂಲೆ ಕತ್ತರಿಸಿದ್ದರು, ಆದರೆ ಸೀಲುಗಳು ಇದ್ದವು. ಕೆಲವು ಒಂದರ ಮೇಲೊಂದು ಬಿದ್ದಿದ್ದವು. ಒಂದರಲ್ಲಿ ತಿಂಗಳೇ ಕಾಣುತ್ತಿರಲಿಲ್ಲ, ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದಾಗ ಶಾಯಿಯ ಗುರುತು ಮೇಲೆ ಬಂತು. ಅಕ್ಕ ಓದುತ್ತಾ ಹೋದಳು, ನಾನು ಬರೆದುಕೊಂಡೆ.

ಮೂರು ಸಲ ಬಂದಿದ್ದರು.

- 2022 ಮೇ 20ರಿಂದ ಆಗಸ್ಟ್ 5: 78 ದಿನ
- 2023 ಜನವರಿ 2ರಿಂದ ಮಾರ್ಚ್ 8: 66 ದಿನ
- 2023 ಡಿಸೆಂಬರ್ 15ರಿಂದ 2024 ಫೆಬ್ರವರಿ 4: 52 ದಿನ

ಕೂಡಿಸಿದರೆ ಸರಿಯಾಗಿ 196. ಅವರ ಲೆಕ್ಕ ತಪ್ಪಿಲ್ಲವಲ್ಲ ಅಂತ ಒಂದು ಗಳಿಗೆ ನಮಗೇ ಕೈ ತಣ್ಣಗಾಯ್ತು. ಆಮೇಲೆ ಅಕ್ಕನೇ ಕೇಳಿದಳು, "ಎರಡು ವರ್ಷ ಅಂದರೆ ಯಾವತ್ತಿಂದ ಯಾವತ್ತಿಗೆ?"

ಅಲ್ಲೇ ಇತ್ತು ನೋಡಿ. ಬಂದದ್ದು 2024 ಜೂನ್ 12. ಹಿಂದಿನ ಎರಡು ವರ್ಷ ಅಂದರೆ 2022 ಜೂನ್ 12ರಿಂದ 2024 ಜೂನ್ 11ರವರೆಗೆ. ಮೊದಲ ರಜೆ ಶುರುವಾದದ್ದು ಮೇ 20ಕ್ಕೆ. ಮೇ 20ರಿಂದ ಜೂನ್ 11ರವರೆಗಿನ 23 ದಿನ ಆ ಎರಡು ವರ್ಷದ ಹೊರಗೆ ಬೀಳುತ್ತದೆ. ಲೆಕ್ಕಕ್ಕೆ ಬರುವುದು ಜೂನ್ 12ರಿಂದ ಆಗಸ್ಟ್ 5, ಅಂದರೆ 55 ದಿನ. 55, 66, 52 ಕೂಡಿಸಿ 173. ಆರು ತಿಂಗಳಿಗೆ ಒಂದು ವಾರ ಕಮ್ಮಿ.

ನೀವು ಎಣಿಸುವಾಗ ಬಂದ ದಿನ, ಹೋದ ದಿನ ಎರಡನ್ನೂ ಭಾರತದ ಲೆಕ್ಕಕ್ಕೇ ಹಾಕಿ. ಹಾಗೆ ಹಾಕಿಯೂ ಮಿತಿಯೊಳಗೆ ಇದ್ದರೆ ಎದುರಿನವರಿಗೆ ವಾದ ಮಾಡಲು ಜಾಗವೇ ಇರುವುದಿಲ್ಲ. ಎರಡು ವರ್ಷದ ಅಂಚಿನಲ್ಲಿ ಬೀಳುವ ರಜೆಯನ್ನು ಪೂರ್ತಿ ಎಣಿಸಿಬಿಡುವುದು ಸುಲಭವಾಗಿ ಆಗುವ ತಪ್ಪು. ಮೊದಲು ಅಲ್ಲೇ ಹುಡುಕಿ.

ದಾಖಲೆ ಕೂಡಿಸಿ

ಹಳೆಯದು, ಹೊಸದು ಎರಡೂ ಪಾಸ್‌ಪೋರ್ಟಿನ ಎಲ್ಲ ಪುಟದ ನಕಲು ಬೇಕು, ಖಾಲಿ ಪುಟ ಸೇರಿ. ಖಾಲಿ ಪುಟ ಬಿಟ್ಟರೆ ಅಲ್ಲಿ ಇನ್ನೊಂದು ಸೀಲು ಇತ್ತೇನೋ ಅನ್ನುವ ಅನುಮಾನ ಬರುತ್ತದೆ. ಅಂದು ಕೊಟ್ಟ ಬ್ಯಾಗೇಜ್ ಡಿಕ್ಲರೇಷನ್, ಪ್ಯಾಕಿಂಗ್ ಲಿಸ್ಟ್, ಡ್ಯೂಟಿ ಕಟ್ಟಿದ ರಸೀದಿ, ಸಾಮಾನು ಹಡಗಿಗೆ ಹಾಕಿದ್ದಕ್ಕೆ ಕೊಡುವ ಬಿಲ್ ಆಫ್ ಲೇಡಿಂಗ್ ಕಾಗದ ಬೇಕು. ನಿಮ್ಮ ಹತ್ತಿರ ಇಲ್ಲದಿದ್ದರೆ ಬಿಡಿಸಿಕೊಟ್ಟ ಏಜೆಂಟರ ಫೈಲಿನಲ್ಲಿ ಇರುತ್ತದೆ, ಕೇಳಿ ತಗೊಳ್ಳಿ. ಕಾರ್ಗೋ ಸಾಮಾನು ನೀವು ಬಂದ ಒಂದು ತಿಂಗಳೊಳಗೆ ಅಲ್ಲಿಂದ ಹೊರಟಿರಬೇಕು ಅನ್ನುವ ಷರತ್ತೂ ಇತ್ತು. ಬಿಲ್ ಆಫ್ ಲೇಡಿಂಗಿನ ತಾರೀಖು ಅದಕ್ಕೆ ಸಾಕ್ಷಿ.

ಸೀಲು ಮಸುಕಾಗಿದ್ದರೆ ಬೋರ್ಡಿಂಗ್ ಪಾಸ್, ಟಿಕೆಟ್ ಇಮೇಲ್ ಹುಡುಕಿ. ಸೌದಿಯಲ್ಲಿ ಇದ್ದವರಿಗೆ ಅಲ್ಲಿಯ ಸರ್ಕಾರದ ಆ್ಯಪ್ Absher ನಲ್ಲಿ ಓಡಾಟದ ದಾಖಲೆ ಸಿಗುತ್ತದೆ. ಅದನ್ನು ಅಲ್ಲಿಂದ ಹೊರಡುವ ಮೊದಲೇ ಪ್ರಿಂಟ್ ತೆಗೆದಿಟ್ಟುಕೊಳ್ಳಿ ಅಂತ ಈಗ ಹೊರಡಲಿರುವವರಿಗೆ ಕೈ ಮುಗಿದು ಹೇಳುತ್ತೇನೆ. ಅಲ್ಲಿಯ ಸಿಮ್ ಬಂದ್ ಆದ ಮೇಲೆ ಒಟಿಪಿ ಬರುವುದಿಲ್ಲ, ಭಾವನಿಗೆ ಆದದ್ದೂ ಅದೇ.

ತಪ್ಪಿದ್ದರೆ ಅದನ್ನು ಒಪ್ಪಿ ಕಟ್ಟಿಬಿಡಿ

ಫ್ರಿಜ್ ನಮ್ಮ ಕಡೆ ತಪ್ಪು. 480 ಲೀಟರ್. ಡಿಕ್ಲರೇಷನ್‌ನಲ್ಲಿ ಭಾವ ಲೀಟರನ್ನೂ ಬರೆದಿದ್ದರು, ಆದರೂ ಬಿಡಿಸುವಾಗ ಅದು ರಿಯಾಯಿತಿಯಲ್ಲಿ ಹೋಗಿಬಿಟ್ಟಿತ್ತು. ಅಂದು ಯಾರೂ ಕೇಳಲಿಲ್ಲ ಅನ್ನುವುದು ವಾದ ಆಗುವುದಿಲ್ಲ. 30,000ಕ್ಕೆ 38.5 ಶೇಕಡಾ, 11,550 ರೂಪಾಯಿ. ಬಡ್ಡಿ ವರ್ಷಕ್ಕೆ 15 ಶೇಕಡಾ, ಡ್ಯೂಟಿ ಕಟ್ಟಬೇಕಾಗಿದ್ದ ತಿಂಗಳಿನ ಮುಂದಿನ ತಿಂಗಳ ಒಂದನೇ ತಾರೀಖಿನಿಂದ. ನಮಗೆ 2024 ಆಗಸ್ಟ್ 1ರಿಂದ 2025 ಸೆಪ್ಟೆಂಬರ್ 30ರವರೆಗೆ 426 ದಿನ, 2,022 ರೂಪಾಯಿ. ಸೆಪ್ಟೆಂಬರ್ 30ಕ್ಕೇ ಕಚೇರಿಯಲ್ಲಿ ಚಲನ್ ಮಾಡಿಸಿ ಎರಡನ್ನೂ ಕಟ್ಟಿದೆವು. ಒಟ್ಟು 13,572.

ಕೆಲವರು ಹೇಳಿದರು, ಒಂದನ್ನು ಒಪ್ಪಿದರೆ ಎಲ್ಲ ಒಪ್ಪಿದ ಹಾಗೆ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ನಿಯಮದಲ್ಲಿ ಸ್ಪಷ್ಟವಾಗಿ ಇರುವುದನ್ನು ಒಪ್ಪಿದರೆ ದಂಡ ತಪ್ಪುತ್ತದೆ, ಉಳಿದ ಮಾತನ್ನು ಅಧಿಕಾರಿ ಕಿವಿಗೊಟ್ಟು ಕೇಳುತ್ತಾರೆ. ಆದರೆ ಕಟ್ಟುವಾಗ ಇದು ಫ್ರಿಜ್‌ಗೆ ಮಾತ್ರ, ಉಳಿದ ಬೇಡಿಕೆ ಒಪ್ಪಿಲ್ಲ ಅಂತ ಪತ್ರದಲ್ಲಿ ಬರೆದೇ ಕಟ್ಟಬೇಕು.

ನಾವು ಎಡವಿದ್ದು ಎಲ್ಲಿ

ಮಾತುಕತೆಗೆ ಕರೆದ ದಿನ ಹೋದೆವು. ಫ್ರಿಜ್ ಹಣ ಕಟ್ಟಿದ ಪತ್ರ ಕೊಟ್ಟೆವು. ದಿನದ ಲೆಕ್ಕವನ್ನು ಮಾತ್ರ ಬಾಯಲ್ಲಿ ಹೇಳಿ ಬಂದೆವು. ಎದುರಿಗೆ ಕೂತ ಅಧಿಕಾರಿ ತಲೆ ಆಡಿಸಿದರು, ಅವರಿಗೆ ಅರ್ಥವಾಯ್ತು ಅಂತ ನಂಬಿ ಎದ್ದು ಬಂದೆವು. ಆರು ವಾರದ ಮೇಲೆ ಉಳಿದ 92,400 ರೂಪಾಯಿಗೆ ಶೋಕಾಸ್ ನೋಟಿಸ್ ಬಂತು. ಜೊತೆಗೆ ಸೆಕ್ಷನ್ 112ರ ದಂಡ ಯಾಕೆ ಹಾಕಬಾರದು ಅನ್ನುವ ಪ್ರಶ್ನೆ. ನೋಟಿಸಿನಲ್ಲಿ ನಮ್ಮ 23 ದಿನದ ಮಾತೇ ಇಲ್ಲ. ಯಾಕೆ ಅಂದರೆ ಫೈಲಿನಲ್ಲಿ ಅದು ಇರಲಿಲ್ಲ. ಫೈಲ್ ನೋಡಿ ನೋಟಿಸ್ ಬರೆಯುವವರು ಬೇರೆ ಇರಬಹುದು, ತೀರ್ಮಾನ ಮಾಡುವವರು ಇನ್ನೂ ಬೇರೆ. ಕಾಗದದಲ್ಲಿ ಕೊಡದ ಮಾತು ಅಲ್ಲಿ ಯಾರಿಗೂ ಕಾಣುವುದಿಲ್ಲ.

ಉತ್ತರ ಬರೆಯುವುದು

ನೋಟಿಸಿನಲ್ಲಿ ಸಾಮಾನ್ಯವಾಗಿ 30 ದಿನ ಕೊಟ್ಟಿರುತ್ತಾರೆ. ಪಾಸ್‌ಪೋರ್ಟ್ ನಕಲು, ಹಳೆಯ ಫೈಲು ಬರಲು ತಡ ಆಗುತ್ತದೆ ಅಂದರೆ ಗಡುವಿನ ಒಳಗೇ ಬರೆದು ಹೆಚ್ಚು ದಿನ ಕೇಳಿ. ನೋಟಿಸಿನಲ್ಲಿ ಹೆಸರಿಸಿದ ದಾಖಲೆಗಳ ನಕಲು ಕೊಟ್ಟಿಲ್ಲದಿದ್ದರೆ ಅದನ್ನೂ ಆಗಲೇ ಕೇಳಿ.

ಉತ್ತರದಲ್ಲಿ ನೋಟಿಸಿನ ಪ್ಯಾರಾ ನಂಬರ್ ಹಿಡಿದು ಒಂದೊಂದಕ್ಕೇ ಉತ್ತರ ಕೊಡಬೇಕು. ಕಷ್ಟಸುಖ ಬರೆಯಬೇಡಿ ಅನ್ನುವುದಿಲ್ಲ, ಆದರೆ ಅದು ಕೊನೆಯಲ್ಲಿ ಎರಡು ಸಾಲು ಇರಲಿ. ಒಂಬತ್ತು ವರ್ಷ ಬಿಸಿಲಲ್ಲಿ ದುಡಿದದ್ದು ಮನಸ್ಸಿಗೆ ತಟ್ಟುವ ಮಾತು. ತೀರ್ಮಾನ ನಿಲ್ಲುವುದು ಮಾತ್ರ ದಿನದ ಲೆಕ್ಕದ ಮೇಲೆ. ನಮ್ಮ ಉತ್ತರದ ತಿರುಳು ಹೀಗಿತ್ತು. ಕಚೇರಿಯಲ್ಲಿ ಕೆಲಸ ನಡೆಯುವುದು ಇಂಗ್ಲಿಷಿನಲ್ಲಿ, ಹಾಗಾಗಿ ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ತಿಳಿದವರ ಹತ್ತಿರ ಇಂಗ್ಲಿಷಿಗೆ ಮಾಡಿಸಿದೆವು.

> ಮಾನ್ಯರೇ,
>
> ಮೇಲೆ ಹೇಳಿದ ನೋಟಿಸ್ ನನಗೆ ತಲುಪಿದೆ. ನೋಟಿಸಿನ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಕಾರಣಗಳು ಇವು.
>
> 1. ನಾನು ವಾಸ ಬದಲಿಸಿ ಭಾರತಕ್ಕೆ ಬಂದದ್ದು 12-06-2024. ನಿಯಮ 6ರಂತೆ ನೋಡಬೇಕಾದ ಎರಡು ವರ್ಷ 12-06-2022ರಿಂದ 11-06-2024. ನೋಟಿಸಿನ 196 ದಿನದಲ್ಲಿ 20-05-2022ರಿಂದ 11-06-2022ರವರೆಗಿನ 23 ದಿನ ಸೇರಿದೆ. ಅದು ಈ ಅವಧಿಯ ಹೊರಗಿದೆ. ಅದನ್ನು ಕಳೆದರೆ 173 ದಿನ. ಇದು ಆರು ತಿಂಗಳಿಗಿಂತ ಕಡಿಮೆ. ಭೇಟಿಗಳ ಪಟ್ಟಿ ಮತ್ತು ಪಾಸ್‌ಪೋರ್ಟ್ ಪುಟಗಳು ಅನುಬಂಧ 1 ಮತ್ತು 2.
>
> 2. ಹಿಂದಿನ ಮೂರು ವರ್ಷದಲ್ಲಿ ಈ ರಿಯಾಯಿತಿಯನ್ನು ನಾನು ಪಡೆದಿಲ್ಲ.
>
> 3. ಫ್ರಿಜ್ ಮೇಲಿನ 11,550 ರೂ. ಡ್ಯೂಟಿ, 2,022 ರೂ. ಬಡ್ಡಿಯನ್ನು ನೋಟಿಸಿಗೆ ಮೊದಲೇ 30-09-2025ರಂದು ಕಟ್ಟಿದ್ದೇನೆ. ಚಲನ್ ಅನುಬಂಧ 3.
>
> 4. ಮೇಲಿನ ಮಾತಿಗೆ ಧಕ್ಕೆ ಬಾರದಂತೆ ಇನ್ನೊಂದು ವಿನಂತಿ. ಒಂದು ವೇಳೆ 5 ಲಕ್ಷದ ರಿಯಾಯಿತಿ ಇಲ್ಲ ಎಂದಾದರೂ, ಹಿಂದಿನ ಎರಡು ವರ್ಷದಲ್ಲಿ ಕನಿಷ್ಠ ಒಂದು ವರ್ಷ ಹೊರದೇಶದಲ್ಲಿ ಇದ್ದವರಿಗೆ ಇರುವ 2 ಲಕ್ಷದ ರಿಯಾಯಿತಿ ನನಗೆ ಸಿಗಬೇಕು. ಆಗ ಡ್ಯೂಟಿ ಬರುವುದು 40,000 ರೂ. ಮೇಲೆ ಮಾತ್ರ, ಅಂದರೆ 15,400 ರೂ.
>
> 5. ಎಲ್ಲ ಸಾಮಾನನ್ನೂ, ಫ್ರಿಜ್‌ನ ಲೀಟರ್ ಸಹಿತ, ಡಿಕ್ಲರೇಷನ್‌ನಲ್ಲಿ ನಾನೇ ಬರೆದಿದ್ದೇನೆ (ಅನುಬಂಧ 4). ಏನನ್ನೂ ಮರೆಮಾಡಿಲ್ಲ. ಆದ್ದರಿಂದ ಸೆಕ್ಷನ್ 112ರ ದಂಡ ಅನ್ವಯಿಸುವುದಿಲ್ಲ.
>
> 6. ತೀರ್ಮಾನಕ್ಕೆ ಮೊದಲು ಖುದ್ದಾಗಿ ಹಾಜರಾಗಿ ಹೇಳಿಕೊಳ್ಳಲು ಅವಕಾಶ ಕೊಡಬೇಕು. ನೋಟಿಸನ್ನು ಕೈಬಿಡಬೇಕೆಂದು ವಿನಂತಿ.

ನಾಲ್ಕನೇ ಪ್ಯಾರಾದ ಬಗ್ಗೆ ಸ್ವಲ್ಪ ಹೇಳಬೇಕು. ನಿಮ್ಮ ದಿನಗಳು ನಿಜವಾಗಿಯೂ ಆರು ತಿಂಗಳು ದಾಟಿದ್ದರೆ ಇದೇ ನಿಮ್ಮ ಆಧಾರ. 2016ರ ನಿಯಮದ 2 ಲಕ್ಷದ ಸಾಲಿನಲ್ಲಿ ಆರು ತಿಂಗಳ ಷರತ್ತು ಇರಲಿಲ್ಲ, ಮೂರು ವರ್ಷದಲ್ಲಿ ತಗೊಂಡಿರಬಾರದು ಅನ್ನುವುದು ಮಾತ್ರ ಇತ್ತು. ದೊಡ್ಡ ರಿಯಾಯಿತಿ ಬಿದ್ದುಹೋದ ಕೂಡಲೇ ಪೂರ್ತಿ ಮೌಲ್ಯಕ್ಕೆ ಡ್ಯೂಟಿ ಹಾಕುವುದು ಸರಿಯಲ್ಲ, ಆದರೆ ನೀವು ಕೇಳದಿದ್ದರೆ ಅದನ್ನು ಯಾರೂ ಎತ್ತಿ ಕೊಡುವುದಿಲ್ಲ. ನಮ್ಮ ಕೇಸಿನಲ್ಲಿ ಅದು 92,400ಕ್ಕೂ 15,400ಕ್ಕೂ ಇರುವ ವ್ಯತ್ಯಾಸ.

ಇದಲ್ಲದೆ, ರಜೆ ಆರು ತಿಂಗಳು ದಾಟಿದ್ದನ್ನು ವಿಶೇಷ ಕಾರಣ ಇದ್ದರೆ ಮನ್ನಿಸುವ ಅಧಿಕಾರ ಕಮಿಷನರಿಗೆ ಇತ್ತು. ಭಾವನ ಎರಡನೇ ರಜೆ ಉದ್ದವಾದದ್ದು ಅವರ ಅಮ್ಮನ ಸೊಂಟದ ಆಪರೇಷನ್‌ನಿಂದ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಇಟ್ಟಿದ್ದರು, ಅದನ್ನೂ ಲಗತ್ತಿಸಿದೆವು. ನಿಮಗೆ ದಿನ ನಿಜಕ್ಕೂ ಜಾಸ್ತಿ ಆಗಿದ್ದರೆ ಇದಕ್ಕೆ ಬೇರೆಯದೇ ಅರ್ಜಿಯನ್ನು ಕಮಿಷನರ ಹೆಸರಿಗೆ ಕೊಡಿ. ಮೂರು ವರ್ಷದ ಷರತ್ತಿಗೆ ಮಾತ್ರ ಯಾವ ಸಡಿಲಿಕೆಯೂ ಇರಲಿಲ್ಲ.

ಪ್ರತಿ ಪುಟಕ್ಕೂ ಸಹಿ ಹಾಕಿ, ನಂಬರ್ ಹಾಕಿ. ಎರಡು ಪ್ರತಿ ತಗೊಂಡು ಹೋಗಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಳ್ಳಿ. ಹೋಗಲು ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ನೋಟಿಸಿನಲ್ಲಿರುವ ಇಮೇಲ್‌ಗೂ ಕಳಿಸಿ.

ಹಿಯರಿಂಗ್ ದಿನ

ಮೂಲ ಪಾಸ್‌ಪೋರ್ಟ್ ಎರಡೂ ಒಯ್ಯಿರಿ. ನಾವು ಒಂದು ಹಾಳೆಯಲ್ಲಿ ಮೂರು ಭೇಟಿ, ಎರಡು ವರ್ಷದ ಗೆರೆ, ಪಾಸ್‌ಪೋರ್ಟ್ ಪುಟದ ನಂಬರ್ ಇಷ್ಟನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟೆವು. ಹತ್ತು ನಿಮಿಷದ ಕೆಲಸ. ಅಧಿಕಾರಿ ಸೀಲಿನ ಮೇಲೆ ಬೆರಳಿಟ್ಟು ತಾವೇ ಎಣಿಸಿದರು. ಹೇಳಿದ್ದನ್ನು ಅವರು ಬರೆದುಕೊಂಡ ಹಾಳೆಗೆ ಸಹಿ ಮಾಡುವ ಮೊದಲು ಓದಿ, 23 ದಿನದ ಮಾತು ಅದರಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಸೇರಿಸಿ ಅನ್ನಿ. ದಿನ ಮುಂದೂಡುವುದು ಮೂರು ಸಲಕ್ಕಿಂತ ಹೆಚ್ಚು ಸಿಗುವುದಿಲ್ಲ.

ಆರ್ಡರ್ ಬಂದ ಮೇಲೆ

ವಿರುದ್ಧ ಬಂದರೆ ಆರ್ಡರ್ ಸಿಕ್ಕ 60 ದಿನದೊಳಗೆ ಕಮಿಷನರ್ ಅಪೀಲ್ಸ್‌ಗೆ ಅಪೀಲು. ಸರಿಯಾದ ಕಾರಣ ಇದ್ದರೆ ಇನ್ನೂ 30 ದಿನ, ಅದರ ಮೇಲೆ ಇಲ್ಲ. ಡ್ಯೂಟಿಯ 7.5 ಶೇಕಡಾ ಮೊದಲು ಕಟ್ಟಬೇಕು. ಅಲ್ಲಿಯೂ ಸೋತರೆ ಬ್ಯಾಗೇಜ್ ಕೇಸು ಟ್ರಿಬ್ಯುನಲ್‌ಗೆ ಹೋಗುವುದಿಲ್ಲ, ಮೂರು ತಿಂಗಳೊಳಗೆ ಕೇಂದ್ರ ಸರ್ಕಾರಕ್ಕೆ ರಿವಿಷನ್ ಅರ್ಜಿ ಹಾಕಬೇಕು. ಗೊತ್ತಿಲ್ಲದೆ ಟ್ರಿಬ್ಯುನಲ್‌ಗೆ ಹಾಕಿ ದಿನ ಕಳೆದುಕೊಂಡರೆ ಕಷ್ಟ.

ನಮ್ಮ ಆರ್ಡರಿನಲ್ಲಿ 173 ದಿನ ಒಪ್ಪಿ 92,400 ರೂಪಾಯಿ ಬೇಡಿಕೆಯನ್ನೂ ದಂಡವನ್ನೂ ಕೈಬಿಟ್ಟರು. ಆದರೆ ಫ್ರಿಜ್‌ಗೆ ಕಟ್ಟಿದ ಹಣವನ್ನು ಜಮೆ ಮಾಡಿಕೊಂಡ ಸಾಲಿನಲ್ಲಿ ಚಲನ್ ನಂಬರ್ ಒಂದು ಅಂಕಿ ತಪ್ಪಿತ್ತು. ಸೆಕ್ಷನ್ 154ರಲ್ಲಿ ಬರಹದ ತಪ್ಪು ತಿದ್ದಿಕೊಡಲು ಬರುತ್ತದೆ. ಭಾವ ಆ ಅರ್ಜಿಯನ್ನು ತಾವೇ ಬರೆದರು, ಐದೇ ಸಾಲು, ಜೊತೆಗೆ ಚಲನ್ ನಕಲು. ತಿದ್ದಿದ ಪ್ರತಿ ಬಂದ ಮೇಲೆಯೇ ಫೈಲನ್ನು ಕಪಾಟಿಗೆ ಇಟ್ಟರು.